ಗೃಹಸಾಲಕ್ಕೆ ಇಡಿಗಂಟು ಕಟ್ಟುವಾಗ ಇಎಂಐ ಇಳಿಸಬೇಕೋ, ಅವಧಿ ಇಳಿಸಬೇಕೋ? ಲೆಕ್ಕ ಹೇಳುವುದೇನು

ಬೋನಸ್ ಬಂದಾಗ, ಎಫ್‌ಡಿ ಅವಧಿ ಮುಗಿದಾಗ ಅಥವಾ ಊರಿನ ಸೈಟು ಮಾರಿದ ಹಣ ಕೈಸೇರಿದಾಗ ಗೃಹಸಾಲ ಇರುವವರಿಗೆ ಮೊದಲು ನೆನಪಾಗುವುದು ಸಾಲದ ಖಾತೆ. ಒಂದಷ್ಟು ಹಣವನ್ನು ಒಟ್ಟಿಗೆ ಕಟ್ಟಿ ಭಾರ ಇಳಿಸಿಕೊಳ್ಳೋಣ ಎಂದು ಬ್ಯಾಂಕಿಗೆ ಹೋದರೆ ಅಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಕಂತು ಕಡಿಮೆ ಮಾಡಬೇಕೇ, ಅವಧಿ ಕಡಿಮೆ ಮಾಡಬೇಕೇ? ಹಲವರು ಆ ಕ್ಷಣದಲ್ಲಿ ತೋಚಿದ ಉತ್ತರ ಕೊಟ್ಟು ಬರುತ್ತಾರೆ. ಕೆಲವರಿಗೆ ಈ ಪ್ರಶ್ನೆಯೇ ಬರುವುದಿಲ್ಲ, ಬ್ಯಾಂಕಿನ ಕಂಪ್ಯೂಟರ್ ತನ್ನಷ್ಟಕ್ಕೆ ಒಂದನ್ನು ಆರಿಸಿಬಿಟ್ಟಿರುತ್ತದೆ. ಈ ಒಂದು ಆಯ್ಕೆಯಿಂದ ಕಾಗದದ ಮೇಲೆ ಹಲವು ಲಕ್ಷ ರೂಪಾಯಿ ಬಡ್ಡಿಯ ವ್ಯತ್ಯಾಸ ಕಾಣುತ್ತದೆ. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ನಿರ್ಧಾರ ಸುಲಭ.

5 ಲಕ್ಷ ಕಟ್ಟಿದರೆ ಏನಾಗುತ್ತದೆ?

ಪುಣೆಯಲ್ಲಿ ಫ್ಲ್ಯಾಟ್ ಕೊಳ್ಳಲು ದಂಪತಿ 40 ಲಕ್ಷ ರೂ. ಸಾಲ ಪಡೆದಿದ್ದಾರೆ ಎಂದುಕೊಳ್ಳೋಣ. ಬಡ್ಡಿ ವಾರ್ಷಿಕ ಶೇ 8.5, ಅವಧಿ 20 ವರ್ಷ. ತಿಂಗಳ ಇಎಂಐ 34,713 ರೂ. ಐದು ವರ್ಷ ತಪ್ಪದೆ ಕಟ್ಟಿದ ಮೇಲೂ ಬಾಕಿ ಅಸಲು ಸುಮಾರು 35.25 ಲಕ್ಷ ರೂ. ಇದೆ. ಅಂದರೆ 60 ಕಂತು ಕಟ್ಟಿದರೂ ಕರಗಿದ್ದು ಐದು ಲಕ್ಷಕ್ಕೂ ಕಡಿಮೆ. ಆರಂಭದ ವರ್ಷಗಳಲ್ಲಿ ಕಂತಿನ ಹೆಚ್ಚಿನ ಪಾಲು ಬಡ್ಡಿಗೇ ಹೋಗುತ್ತದೆ. ಇನ್ನು 180 ಕಂತುಗಳು ಉಳಿದಿವೆ, ಹೀಗೇ ಮುಂದುವರಿದರೆ ಇನ್ನೂ 27.23 ಲಕ್ಷ ರೂ. ಬಡ್ಡಿ ಕಟ್ಟಬೇಕು.

ಈ ಹಂತದಲ್ಲಿ ಅವರು 5 ಲಕ್ಷ ರೂ. ಒಟ್ಟಿಗೆ ಕಟ್ಟುತ್ತಾರೆ. ಬಾಕಿ 30.25 ಲಕ್ಷಕ್ಕೆ ಇಳಿಯುತ್ತದೆ.

ಇಎಂಐ ಇಳಿಸಿಕೊಂಡರೆ, ಅದೇ 180 ತಿಂಗಳಿಗೆ ಹೊಸ ಕಂತು 29,789 ರೂ. ಪ್ರತಿ ತಿಂಗಳು 4,924 ರೂ. ಕೈಯಲ್ಲಿ ಉಳಿಯುತ್ತದೆ. ಮುಂದೆ ಕಟ್ಟುವ ಒಟ್ಟು ಬಡ್ಡಿ 23.37 ಲಕ್ಷ, ಉಳಿತಾಯ ಸುಮಾರು 3.86 ಲಕ್ಷ ರೂ.

ಇಎಂಐ ಹಾಗೇ ಇಟ್ಟು ಅವಧಿ ಇಳಿಸಿಕೊಂಡರೆ, 136 ಕಂತುಗಳಲ್ಲಿ ಸಾಲ ಬಹುತೇಕ ತೀರುತ್ತದೆ. 137ನೇ ತಿಂಗಳಿಗೆ ಎರಡೂವರೆ ಸಾವಿರದಷ್ಟು ಚಿಲ್ಲರೆ ಮಾತ್ರ ಉಳಿಯುತ್ತದೆ. ಹೆಚ್ಚು ಕಡಿಮೆ ಮೂರು ವರ್ಷ ಎಂಟು ತಿಂಗಳು ಮೊದಲೇ ಋಣಮುಕ್ತಿ. ಬಡ್ಡಿ 16.98 ಲಕ್ಷಕ್ಕೆ ಇಳಿದು, ಉಳಿತಾಯ 10.25 ಲಕ್ಷ ರೂ. ಆಗುತ್ತದೆ.

ಕಟ್ಟಿದ್ದು ಅದೇ 5 ಲಕ್ಷ, ಉಳಿದದ್ದು ಒಂದು ಕಡೆ 3.86 ಲಕ್ಷ, ಇನ್ನೊಂದು ಕಡೆ 10.25 ಲಕ್ಷ. ಹಾಗಾಗಿಯೇ ಹೆಚ್ಚಿನವರು ಕಣ್ಣು ಮುಚ್ಚಿ ಅವಧಿ ಇಳಿಸಿ ಎನ್ನುತ್ತಾರೆ. ಆದರೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ.

ಆ 6.4 ಲಕ್ಷ ಬಂದದ್ದು ಎಲ್ಲಿಂದ?

5 ಲಕ್ಷ ಕಟ್ಟಿದ ಮರುತಿಂಗಳ ಕಂತನ್ನು ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹಣ ಕಟ್ಟುವ ಮೊದಲು ತಿಂಗಳ ಬಡ್ಡಿ 24,969 ರೂ. ಇತ್ತು. ಕಟ್ಟಿದ ಮೇಲೆ ಅದು 21,428 ರೂ. ಆಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಯಾವ ಆಯ್ಕೆ ಮಾಡಿದರೂ ಆ ತಿಂಗಳ ಬಡ್ಡಿ ಇಷ್ಟೇ. ಬ್ಯಾಂಕ್ ಬಡ್ಡಿ ಹಾಕುವುದು ಬಾಕಿ ಅಸಲಿನ ಮೇಲೆ, ಗ್ರಾಹಕರು ಯಾವ ಪೆಟ್ಟಿಗೆಗೆ ಟಿಕ್ ಹಾಕಿದರು ಎಂಬುದರ ಮೇಲಲ್ಲ.

ವ್ಯತ್ಯಾಸ ಇರುವುದು ಅಸಲಿನ ಪಾಲಿನಲ್ಲಿ. ಇಎಂಐ ಇಳಿಸಿಕೊಂಡವರ ಕಂತಿನಿಂದ ಅಸಲಿಗೆ ಹೋಗುವುದು 8,361 ರೂ. ಅವಧಿ ಇಳಿಸಿಕೊಂಡವರ ಕಂತಿನಿಂದ 13,285 ರೂ. ಈ ಎರಡರ ಅಂತರವೇ 4,924 ರೂ. ಅಂದರೆ ಅವಧಿ ಇಳಿಸಿಕೊಂಡವರು 5 ಲಕ್ಷದ ಜೊತೆಗೆ ಪ್ರತಿ ತಿಂಗಳೂ 4,924 ರೂ. ಹೆಚ್ಚುವರಿಯಾಗಿ ಕಟ್ಟುತ್ತಲೇ ಇರುತ್ತಾರೆ. ಅವರು ಉಳಿಸಿದ ಬಡ್ಡಿಯ ದೊಡ್ಡ ಭಾಗ ಆ ತಿಂಗಳ ಕಂತಿನ ಫಲ, ಇಡಿಗಂಟಿನದ್ದಲ್ಲ.

ಜೇಬಿನ ಕಡೆಯಿಂದ ನೋಡಿದರೂ ಇದೇ ಕಾಣುತ್ತದೆ. ಇಎಂಐ ಇಳಿಸಿಕೊಂಡವರ ಕೈಯಲ್ಲಿ 136 ತಿಂಗಳಲ್ಲಿ ಒಟ್ಟು 6.70 ಲಕ್ಷ ರೂ. ಉಳಿದಿರುತ್ತದೆ. ಆದರೆ ಆ ಹೊತ್ತಿಗೆ ಇನ್ನೊಬ್ಬರ ಸಾಲ ಮುಗಿದಿರುತ್ತದೆ, ಇವರು ಮಾತ್ರ ಇನ್ನೂ 44 ಕಂತು, ಅಂದರೆ ಸುಮಾರು 13.1 ಲಕ್ಷ ರೂ. ಕಟ್ಟಬೇಕು. 13.1ರಲ್ಲಿ 6.7 ಕಳೆದರೆ ಸಿಗುವುದು ಆ 6.4 ಲಕ್ಷವೇ.

ಹಾಗಾದರೆ ಉಳಿದ 4,924 ಎಲ್ಲಿಗೆ ಹೋಗುತ್ತದೆ?

ನಿಜವಾದ ಪ್ರಶ್ನೆ ಇದು. ಇಎಂಐ ಇಳಿಸಿಕೊಂಡವರು ಆ 4,924 ರೂಪಾಯಿಯನ್ನು ಪ್ರತಿ ತಿಂಗಳೂ ತಾವಾಗಿಯೇ ಸಾಲದ ಖಾತೆಗೆ ಕಟ್ಟಿದರೆ ಅವರ ಸಾಲವೂ 136 ಕಂತುಗಳ ಆಸುಪಾಸಿನಲ್ಲೇ ತೀರುತ್ತದೆ. ಬಡ್ಡಿಯಲ್ಲಿ ಒಂದು ಪೈಸೆಯೂ ನಷ್ಟವಿಲ್ಲ. ಮೇಲಾಗಿ ಕೆಲಸ ಹೋದ ತಿಂಗಳು, ಆಸ್ಪತ್ರೆ ಖರ್ಚು ಬಂದ ತಿಂಗಳು ಆ ಹೆಚ್ಚುವರಿ ಹಣವನ್ನು ನಿಲ್ಲಿಸಬಹುದು. ಕಡ್ಡಾಯ ಕಂತು 29,789 ಮಾತ್ರ. ಅವಧಿ ಇಳಿಸಿಕೊಂಡವರಿಗೆ ಈ ಸಡಿಲಿಕೆ ಇಲ್ಲ, 34,713 ಕಟ್ಟದಿದ್ದರೆ ಅದು ಬಾಕಿ ಎಂದೇ ದಾಖಲಾಗಿ ಕ್ರೆಡಿಟ್ ಸ್ಕೋರ್‌ಗೆ ಪೆಟ್ಟು ಬೀಳುತ್ತದೆ. ಹೊಸದೊಂದು ಸಾಲ ಬೇಕಾದಾಗಲೂ ಬ್ಯಾಂಕ್ ನೋಡುವುದು ಆದಾಯದಲ್ಲಿ ಕಂತುಗಳ ಪಾಲನ್ನು, ಅಲ್ಲಿಯೂ ಸಣ್ಣ ಇಎಂಐ ಅನುಕೂಲ.

ಆ ಹಣವನ್ನು ಬೇರೆ ಕಡೆ ಹೂಡಿದರೆ? ತೆರಿಗೆ ಕಳೆದು ಶೇ 8.5 ಗಳಿಸಿದರೆ ಎರಡೂ ಆಯ್ಕೆ ಸಮ. ತೆರಿಗೆ ಕಳೆದು ಶೇ 6 ಸಿಗುವ ಆರ್‌ಡಿಯಲ್ಲಿ ಹಾಕಿದರೆ 136 ತಿಂಗಳ ಕೊನೆಗೆ ಸುಮಾರು 9.56 ಲಕ್ಷ ರೂ. ಕೂಡಿರುತ್ತದೆ. ಅಂದು ಸಾಲದ ಬಾಕಿ 11.23 ಲಕ್ಷ. 1.67 ಲಕ್ಷ ಕೊರತೆ. ಷೇರು ಮ್ಯೂಚುವಲ್ ಫಂಡ್‌ನ ಎಸ್‌ಐಪಿಯಲ್ಲಿ ಇದಕ್ಕಿಂತ ಹೆಚ್ಚು ಸಿಗಲೂಬಹುದು, ಸಿಗದಿರಲೂಬಹುದು. ಸಾಲ ತೀರಿಸಿ ಉಳಿಸುವ ಶೇ 8.5ರಲ್ಲಿ ಆ ಅನುಮಾನವಿಲ್ಲ.

ಆದರೆ ಬಹುತೇಕ ಮನೆಗಳಲ್ಲಿ ಆ 4,924 ಸಾಲಕ್ಕೂ ಹೋಗುವುದಿಲ್ಲ, ಹೂಡಿಕೆಗೂ ಹೋಗುವುದಿಲ್ಲ. ಎರಡನೇ ತಿಂಗಳಿನಿಂದಲೇ ಮನೆಖರ್ಚಿನಲ್ಲಿ ಬೆರೆತುಹೋಗುತ್ತದೆ. ಅಂಥವರಿಗೆ ಅವಧಿ ಇಳಿಸುವುದೇ ಸರಿ. ಸಂಬಳ ಸ್ಥಿರವಾಗಿದ್ದು, ಈಗಿನ ಕಂತು ಕಷ್ಟವೆನಿಸದವರು ಹೆಚ್ಚು ಯೋಚಿಸಬೇಕಿಲ್ಲ. ಒಬ್ಬರ ಆದಾಯ ನಿಂತಿದ್ದರೆ, ಮಕ್ಕಳ ಶುಲ್ಕ ಏರುತ್ತಿದ್ದರೆ ಅಥವಾ ಕೈಯಲ್ಲಿ ಆರು ತಿಂಗಳ ಖರ್ಚಿನ ಹಣವೂ ಇಲ್ಲದಿದ್ದರೆ ಇಎಂಐ ಇಳಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಕೊನೆಯ ಸ್ಥಿತಿಯಲ್ಲಿರುವವರು 5 ಲಕ್ಷವನ್ನೂ ಕಟ್ಟದೆ ಸ್ವಲ್ಪ ಉಳಿಸಿಕೊಳ್ಳುವುದು ಒಳ್ಳೆಯದು. ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಬಿಟ್ಟರೆ, ಒಮ್ಮೆ ಅಸಲಿಗೆ ಜಮೆಯಾದ ಹಣವನ್ನು ವಾಪಸ್ ತೆಗೆಯಲಾಗದು.

ಸಾಲದ ಕೊನೆಯ ವರ್ಷಗಳಲ್ಲಿ ಲೆಕ್ಕ ಬದಲು

ಇದೇ ದಂಪತಿ 5ನೇ ವರ್ಷದ ಬದಲು 15ನೇ ವರ್ಷ ಮುಗಿದ ಮೇಲೆ 5 ಲಕ್ಷ ಕಟ್ಟಿದರು ಎನ್ನೋಣ. ಆಗ ಬಾಕಿ 16.92 ಲಕ್ಷ, ಉಳಿದ ಕಂತು 60. ಇಎಂಐ ಇಳಿಸಿದರೆ ಅದು ಒಮ್ಮೆಲೇ 10,258 ರೂ. ಕಡಿಮೆಯಾಗಿ 24,455ಕ್ಕೆ ಬರುತ್ತದೆ, ಬಡ್ಡಿ ಉಳಿತಾಯ 1.15 ಲಕ್ಷ. ಅವಧಿ ಇಳಿಸಿದರೆ ಇಪ್ಪತ್ತು ತಿಂಗಳು ಮೊದಲೇ ಸಾಲ ಮುಗಿದು 2.12 ಲಕ್ಷ ಉಳಿಯುತ್ತದೆ. ಎರಡರ ನಡುವಿನ ಅಂತರ ಒಂದು ಲಕ್ಷಕ್ಕೂ ಕಡಿಮೆ. ನಿವೃತ್ತಿಗೆ ಹತ್ತಿರ ಇರುವವರಿಗೆ ತಿಂಗಳಿಗೆ ಹತ್ತು ಸಾವಿರದ ನಿರಾಳತೆ ಈ ಮೊತ್ತಕ್ಕಿಂತ ದೊಡ್ಡದೆನಿಸಬಹುದು.

ಶುಲ್ಕ ಇದೆಯೇ?

ಬದಲಾಗುವ ಬಡ್ಡಿದರದ, ಅಂದರೆ ಫ್ಲೋಟಿಂಗ್ ದರದ ಗೃಹಸಾಲವನ್ನು ವ್ಯಕ್ತಿಗಳು ಮನೆಗಾಗಿ ಪಡೆದಿದ್ದರೆ ಅವಧಿಪೂರ್ವ ಪಾವತಿಗೆ ಬ್ಯಾಂಕ್ ಶುಲ್ಕ ಹಾಕುವಂತಿಲ್ಲ. ಬ್ಯಾಂಕುಗಳಿಗೆ ಆರ್‌ಬಿಐ ಈ ನಿಯಮವನ್ನು 2012ರಲ್ಲೇ ತಂದಿದೆ. 2025ರ ಜುಲೈನಲ್ಲಿ ಹೊರಡಿಸಿದ ನಿರ್ದೇಶನ 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣವಾಗುವ ಸಾಲಗಳಿಗೆ ಅನ್ವಯಿಸುತ್ತದೆ. ಅದರ ಪ್ರಕಾರ ಹಣ ಎಲ್ಲಿಂದ ಬಂತು, ಪೂರ್ತಿ ಕಟ್ಟಿದ್ದೋ ಭಾಗಶಃವೋ ಎಂಬ ಭೇದವಿಲ್ಲ, ಇಷ್ಟು ವರ್ಷ ಕಾಯಬೇಕೆಂಬ ಷರತ್ತೂ ಇರುವಂತಿಲ್ಲ. ಸ್ಥಿರ ಬಡ್ಡಿದರದ ಸಾಲವಾದರೆ ಮಾತ್ರ ಒಪ್ಪಂದದಲ್ಲಿರುವ ಶುಲ್ಕವನ್ನು ಮೊದಲೇ ನೋಡಿಕೊಳ್ಳಬೇಕು.

ಕಟ್ಟಿದ ಮೇಲೆ ಪರಿಶೀಲಿಸಬೇಕಾದದ್ದು

ಸಮಸ್ಯೆ ಆಗುವುದು ಹೆಚ್ಚಾಗಿ ಇಲ್ಲಿ. ಸಾಲದ ಖಾತೆಗೆ ಹಣ ವರ್ಗಾಯಿಸಿ ಸುಮ್ಮನಾದರೆ ಕೆಲವೊಮ್ಮೆ ಅದು ಅಸಲಿಗೆ ಹೊಂದಿಕೆಯಾಗದೆ ಮುಂಗಡ ಕಂತಿನಂತೆ ಕೂತಿರುತ್ತದೆ. ಆದ್ದರಿಂದ ಶಾಖೆಗೆ ಪತ್ರವನ್ನೋ ಇಮೇಲನ್ನೋ ಕೊಟ್ಟು, ಈ ಮೊತ್ತವನ್ನು ಅಸಲಿಗೆ ಜಮೆ ಮಾಡಬೇಕು, ಇಎಂಐ ಹಾಗೇ ಇಟ್ಟು ಅವಧಿ ಇಳಿಸಬೇಕು (ಅಥವಾ ಅವಧಿ ಹಾಗೇ ಇಟ್ಟು ಇಎಂಐ ಇಳಿಸಬೇಕು) ಎಂದು ಸ್ಪಷ್ಟವಾಗಿ ಬರೆಯಬೇಕು. ಜೊತೆಗೆ ಪರಿಷ್ಕೃತ ಮರುಪಾವತಿ ಪಟ್ಟಿ ಕೇಳಬೇಕು. ಆ್ಯಪ್ ಮೂಲಕ ಕಟ್ಟುವವರು ಆಯ್ಕೆ ಯಾವುದು ಎಂದು ತೋರಿಸುವ ಪರದೆಯ ಚಿತ್ರ ಇಟ್ಟುಕೊಂಡರೆ ಸಾಕು.

ಪಟ್ಟಿ ಸರಿಯಿದೆಯೇ ಎಂದು ತಿಳಿಯಲು ಕ್ಯಾಲ್ಕುಲೇಟರ್‌ನಲ್ಲಿ ಒಂದೇ ಗುಣಾಕಾರ ಬೇಕು. ಕಟ್ಟಿದ ಮೊತ್ತವನ್ನು ಬಡ್ಡಿದರದಿಂದ ಗುಣಿಸಿ 12ರಿಂದ ಭಾಗಿಸಿ. 5 ಲಕ್ಷಕ್ಕೆ ಶೇ 8.5ರಂತೆ 3,542 ರೂ. ಮುಂದಿನ ಪೂರ್ಣ ತಿಂಗಳ ಬಡ್ಡಿ ಸಾಲು ಇಷ್ಟಾದರೂ ಇಳಿದಿರಬೇಕು. ಇಳಿಯದಿದ್ದರೆ ಹಣ ಅಸಲಿಗೆ ಹೋಗಿಲ್ಲ, ಆಗ ತಕ್ಷಣ ಶಾಖೆಯನ್ನು ಕೇಳಬೇಕು. ದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ ಹಾಕುವ ಸಾಲದಲ್ಲಿ 5 ಲಕ್ಷದ ಪ್ರತಿ ದಿನದ ವಿಳಂಬಕ್ಕೆ 116 ರೂ. ಬೀಳುತ್ತದೆ.

ಅವಧಿ ಇಳಿಸಿಕೊಂಡವರು ಇನ್ನೊಂದು ವಿಷಯ ಗಮನಿಸುತ್ತಿರಬೇಕು. ಬಡ್ಡಿದರ ಏರಿದಾಗ ಇಎಂಐ ಮುಟ್ಟದೆ ಅವಧಿ ಹಿಗ್ಗಿಸುವುದು ಬ್ಯಾಂಕುಗಳ ರೂಢಿ. ಮೇಲಿನ ಉದಾಹರಣೆಯಲ್ಲಿ 5 ಲಕ್ಷ ಕಟ್ಟಿದ ಕೂಡಲೇ ದರ ಶೇ 9.5ಕ್ಕೆ ಏರಿದರೆ ಸಾಲ 137ರ ಬದಲು 149ನೇ ತಿಂಗಳಿಗೆ ಮುಗಿಯುತ್ತದೆ, ಗಳಿಸಿದ 44 ತಿಂಗಳಲ್ಲಿ ಒಂದು ವರ್ಷ ಸದ್ದಿಲ್ಲದೆ ಕೈಬಿಟ್ಟಂತೆ. 2023ರ ಆಗಸ್ಟ್‌ನ ಆರ್‌ಬಿಐ ಸುತ್ತೋಲೆಯಂತೆ ದರ ಬದಲಾದಾಗ ಇಎಂಐ ಏರಿಸುವುದೋ, ಅವಧಿ ಹಿಗ್ಗಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂಬ ಆಯ್ಕೆ ಗ್ರಾಹಕರದ್ದು. ಉಳಿದ ಕಂತುಗಳ ಸಂಖ್ಯೆಯನ್ನು ಒಳಗೊಂಡ ವಿವರಪಟ್ಟಿಯನ್ನು ಬ್ಯಾಂಕ್ ಪ್ರತಿ ತ್ರೈಮಾಸಿಕ ಒದಗಿಸಬೇಕು. ಆ ಪಟ್ಟಿಯಲ್ಲಿ ನೋಡಬೇಕಾದ ಮೊದಲ ಅಂಕಿ ಉಳಿದ ಕಂತುಗಳದ್ದು: ಮೂರು ತಿಂಗಳು ಕಳೆದರೆ ಅದು ಮೂರು ಕಡಿಮೆಯಾಗಿರಬೇಕು.