ಚೆಕ್ ಬೌನ್ಸ್ ನೋಟಿಸ್: ಎಷ್ಟು ಕಟ್ಟಬೇಕು, ಎಷ್ಟು ದಿನದೊಳಗೆ? ಓದಿದವರಿಗೆ ತಿಳಿಯುವಂತೆ ಬರೆಯುವುದು ಹೀಗೆ

ಚೆಕ್ ಬೌನ್ಸ್ ಆದಾಗ ವಕೀಲರ ಮೂಲಕ ಕಳಿಸುವ ನೋಟಿಸ್‌ನ ಕೊನೆಯ ಪ್ಯಾರಾವೇ ಅದರ ಜೀವಾಳ. ಹಣ ಕೇಳುವುದು ಅಲ್ಲಿ. ಆದರೆ ಓದುವವರು ಎಡವುವುದೂ ಅಲ್ಲಿಯೇ. ಒಂದು ಕಾಲ್ಪನಿಕ ಉದಾಹರಣೆ:

"ಸದರಿ ಮೊಬಲಗು ರೂ. 93,000ವನ್ನು ಬಡ್ಡಿ ಹಾಗೂ ಖರ್ಚು ಸಹಿತವಾಗಿ ನಿಗದಿತ ಅವಧಿಯೊಳಗೆ ಪಾವತಿಸತಕ್ಕದ್ದು, ತಪ್ಪಿದಲ್ಲಿ ಸೂಕ್ತ ಕಾನೂನು ಕ್ರಮ ಜರುಗಿಸಲಾಗುವುದು."

ಇಲ್ಲಿ ಚೆಕ್ ಇರುವುದು ರೂ. 85,000ಕ್ಕೆ. ಉಳಿದ 8,000 ಬಡ್ಡಿ ಮತ್ತು ನೋಟಿಸ್ ಖರ್ಚು. ಎಲ್ಲ ಸೇರಿಸಿ ಒಂದೇ ಮೊತ್ತ ಕೇಳಿದರೆ ಓದುವವರಿಗೆ ಗೊಂದಲ ಆಗುವುದಷ್ಟೇ ಅಲ್ಲ, ಕೇಸೇ ಬೀಳಬಹುದು. ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಕೇಳಬೇಕಾದ್ದು ಚೆಕ್‌ನ ಮೊತ್ತ. ಬಡ್ಡಿ, ಖರ್ಚು ಕೇಳಬಾರದು ಅಂತೇನಿಲ್ಲ, ಬೇರೆಯಾಗಿ ತೋರಿಸಬೇಕು ಅಷ್ಟೆ. 2000ರಲ್ಲಿ ಸುಮನ್ ಸೇಥಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ.

ತಿದ್ದಿ ಬರೆದರೆ ಹೀಗಾಗುತ್ತದೆ:

"ನೀವು ಕೊಟ್ಟ ಚೆಕ್‌ನ ಮೊತ್ತ ರೂ. 85,000. ಈ ನೋಟಿಸ್ ನಿಮಗೆ ತಲುಪಿದ ದಿನದಿಂದ 15 ದಿನಗಳೊಳಗೆ ಈ ಮೊತ್ತವನ್ನು ನಮ್ಮ ಕಕ್ಷಿದಾರರಿಗೆ ಪಾವತಿಸಬೇಕೆಂದು ಈ ಮೂಲಕ ಕೇಳುತ್ತಿದ್ದೇವೆ. ಪಾವತಿಸದಿದ್ದರೆ 138ನೇ ಕಲಂ ಅಡಿ ನಿಮ್ಮ ಮೇಲೆ ಕ್ರಿಮಿನಲ್ ದೂರು ದಾಖಲಿಸುತ್ತೇವೆ. ಇದಲ್ಲದೆ, ಬಡ್ಡಿ ರೂ. 6,000 ಮತ್ತು ನೋಟಿಸ್ ಖರ್ಚು ರೂ. 2,000 ಪ್ರತ್ಯೇಕವಾಗಿ ಬರಬೇಕಿದೆ."

'ಸದರಿ', 'ತಕ್ಕದ್ದು' ಹೋದರೂ ಕಾನೂನಿನ ಬಲ ಕುಂದಿಲ್ಲ. ಮೊತ್ತ, ಬೇಡಿಕೆ, ಕಲಂ ಎಲ್ಲ ಇವೆ. 'ಕೇಳುತ್ತಿದ್ದೇವೆ' ಎಂಬ ಮಾತನ್ನು ಮಾತ್ರ ಬಿಡುವಂತಿಲ್ಲ. "ಚೆಕ್ ವಾಪಸ್ ಬಂದಿದೆ, ಗಮನಿಸಿ" ಎಂದಷ್ಟೇ ಬರೆದರೆ ಅದು ಬೇಡಿಕೆ ಅನ್ನಿಸಿಕೊಳ್ಳುವುದಿಲ್ಲ.

ಸರಳ ಮಾಡುವ ಭರದಲ್ಲಿ ಆಗುವ ಇನ್ನೊಂದು ಎಡವಟ್ಟು ಗಡುವಿನದ್ದು. "ಜೂನ್ 15ರೊಳಗೆ ಕಟ್ಟಿ" ಎಂದು ತಾರೀಖು ಹಾಕಿದರೆ ಓದಲು ಸುಲಭ, ನಿಜ. ಆದರೆ 15 ದಿನದ ಲೆಕ್ಕ ಶುರುವಾಗುವುದು ನೋಟಿಸ್ ಬರೆದ ದಿನದಿಂದಲ್ಲ, ಅದು ಕೈ ಸೇರಿದ ದಿನದಿಂದ. ಅಂಚೆ ಯಾವತ್ತು ತಲುಪುತ್ತದೋ ಬರೆಯುವಾಗ ಯಾರಿಗೆ ಗೊತ್ತು? ಜೂನ್ 3ಕ್ಕೆ ತಲುಪಿದರೆ ಆ ದಿನ ಬಿಟ್ಟು ಎಣಿಸಬೇಕು, ಜೂನ್ 18ರವರೆಗೆ ಅವಕಾಶ ಇರುತ್ತದೆ. ಅಷ್ಟರಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ಕೊಡಬೇಕು. ಹಾಗಾಗಿ ನೋಟಿಸ್ ತಲುಪಿದ ದಿನ ತೋರಿಸುವ ಅಂಚೆ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ನೋಟಿಸ್ ಕಳಿಸುವವರಿಗೂ ಗಡುವಿದೆ: ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಕಳಿಸಬೇಕು.