ಲೆಕ್ಕಿಗನ ಸಂದೇಹ

1938ರಲ್ಲಿ ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಹೆಸರುವಾಸಿ ಔಷಧ ಕಂಪನಿಯ ಖಜಾಂಚಿ ಜೂಲಿಯನ್ ಥಾಂಪ್ಸನ್ನನಿಗೆ ಒಂದು ಸಣ್ಣ ಅನುಮಾನ ಹುಟ್ಟಿತು. ಕಚ್ಚಾ ಔಷಧ ವಿಭಾಗ ವರ್ಷವರ್ಷವೂ ಲಾಭ ತೋರಿಸುತ್ತಿತ್ತು. ಆದರೆ ಆ ಲಾಭ ನಗದಾಗಿ ಪೆಟ್ಟಿಗೆಗೆ ಬರುತ್ತಲೇ ಇರಲಿಲ್ಲ. ಬಂದದ್ದೆಲ್ಲ ಮತ್ತೆ ಸರಕು ಕೊಳ್ಳುವುದಕ್ಕೆ ಹೋಗುತ್ತಿತ್ತು. ದಾಸ್ತಾನು ಇಳಿಸಿರೆಂದು ನಿರ್ದೇಶಕರು ಹೇಳಿದರೂ ಅದು ಇಳಿಯಲಿಲ್ಲ. ಸರಕನ್ನು ಹೊರದೇಶಗಳಿಗೆ ಮಾರಿಕೊಡುತ್ತಿದ್ದ ಡಬ್ಲ್ಯು. ಡಬ್ಲ್ಯು. ಸ್ಮಿತ್ ಎಂಬ ಕಂಪನಿ ಭದ್ರವಾದದ್ದೆಂದು ಹೇಳುವ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಸಂಸ್ಥೆಯ ವರದಿಗಳು ಕಡತದಲ್ಲಿದ್ದವು. ಥಾಂಪ್ಸನ್ ಅವನ್ನು ಆ ಸಂಸ್ಥೆಗೇ ತೋರಿಸಿದ. ಇವು ನಮ್ಮವಲ್ಲ ಎಂದರು ಅವರು.

ಆಮೇಲೆ ಎಲ್ಲವೂ ಬಿಚ್ಚಿಕೊಂಡಿತು. ಅಧ್ಯಕ್ಷ ಡೊನಾಲ್ಡ್ ಕಾಸ್ಟರ್ ನಿಜವಾಗಿ ಫಿಲಿಪ್ ಮ್ಯೂಸಿಕಾ ಎಂಬ ಹಳೆಯ ಶಿಕ್ಷಿತ ಅಪರಾಧಿ. ಹೆಸರು ಬದಲಿಸಿಕೊಂಡ ಅವನ ತಮ್ಮಂದಿರೇ ಕಂಪನಿಯೊಳಗೂ ಹೊರಗೂ ಕುಳಿತು ಕಾಗದಗಳನ್ನು ಸೃಷ್ಟಿಸುತ್ತಿದ್ದರು. ಒಟ್ಟು 8 ಕೋಟಿ 70 ಲಕ್ಷ ಡಾಲರುಗಳ ಆಸ್ತಿಯಲ್ಲಿ ಸುಮಾರು 1 ಕೋಟಿ 90 ಲಕ್ಷ ಬರಿಯ ಬರವಣಿಗೆ. ಕೆನಡಾದ ಉಗ್ರಾಣಗಳಲ್ಲಿದೆಯೆಂದು ಬರೆದಿದ್ದ ಸರಕು ಎಂದೂ ಇರಲೇ ಇಲ್ಲ. 1938ರ ಡಿಸೆಂಬರ್ 16ರಂದು ಕಾಸ್ಟರ್ ಗುಂಡು ಹಾರಿಸಿಕೊಂಡು ಸತ್ತ.

ಇಷ್ಟು ವರ್ಷ ಈ ಲೆಕ್ಕವನ್ನು ಪ್ರತಿಷ್ಠಿತರಾದ ಪ್ರೈಸ್ ವಾಟರ್‌ಹೌಸ್ ಆಡಿಟರುಗಳು ತನಿಖೆ ಮಾಡುತ್ತಿದ್ದರಲ್ಲ, ಅವರಿಗೇಕೆ ಕಾಣಲಿಲ್ಲ? ಅವರು ಸೋಮಾರಿಗಳೆಂದು ಹೇಳುವುದು ಸುಲಭ, ಆದರೆ ಅನ್ಯಾಯ. ಅವರು ಖರೀದಿಯ ಆರ್ಡರನ್ನು ಬಿಲ್ಲಿನೊಡನೆ, ಬಿಲ್ಲನ್ನು ದಾಸ್ತಾನು ಪಟ್ಟಿಯೊಡನೆ ತಾಳೆ ನೋಡಿದರು, ಎಲ್ಲವೂ ಹೊಂದಿತು. ಉಗ್ರಾಣಕ್ಕೆ ಹೋಗಿ ಸರಕನ್ನು ಕಣ್ಣಾರೆ ನೋಡುವುದು ಆಗ ಕಡ್ಡಾಯವಾದ ಪದ್ಧತಿಯಾಗಿರಲಿಲ್ಲ. 1896ರಲ್ಲೇ ಇಂಗ್ಲೆಂಡಿನ ನ್ಯಾಯಾಲಯವೊಂದು ಕಿಂಗ್‌ಸ್ಟನ್ ಹತ್ತಿಗಿರಣಿಯ ಮೊಕದ್ದಮೆಯಲ್ಲಿ, ಆಡಿಟರು ಕಾವಲುನಾಯಿಯೇ ಹೊರತು ವಾಸನೆ ಹಿಡಿದು ಹೋಗುವ ಬೇಟೆನಾಯಿಯಲ್ಲವೆಂದು ಹೇಳಿತ್ತು.

ತಪ್ಪಿನ ಬೇರು ಇನ್ನೊಂದು ಕಡೆ ಇದೆ. ಸರಕು ನಿಜವಾಗಿ ಇದ್ದರೆ ಬಿಲ್ಲು ಇರುತ್ತದೆ; ಕಳ್ಳ ಬರೆದರೂ ಬಿಲ್ಲು ಇರುತ್ತದೆ. ಎರಡು ಪಕ್ಷಕ್ಕೂ ಹೊಂದುವ ಸಾಕ್ಷಿ ಯಾವ ಪಕ್ಷಕ್ಕೂ ಸಾಕ್ಷಿಯಲ್ಲ. ಆದರೂ ಮನಸ್ಸು ಮೊದಲೇ ನಂಬಿದ್ದಕ್ಕೆ ಪುಷ್ಟಿ ಕೊಡುವ ಕಾಗದವನ್ನೇ ಹುಡುಕುತ್ತದೆ. ಸುಳ್ಳಾಗಿದ್ದರೆ ಏನು ಕಾಣಬೇಕು ಎಂದು ಕೇಳುವವನು ಸಾಗಣೆಯ ರಸೀದಿ ಕೇಳುತ್ತಾನೆ, ವಿಮೆ ಕೇಳುತ್ತಾನೆ, ನಗದು ಎಲ್ಲಿ ಎನ್ನುತ್ತಾನೆ. ಥಾಂಪ್ಸನ್ ಕೇಳಿದ್ದು ಇದೇ.

1939ರಲ್ಲಿ ಅಮೆರಿಕದ ಲೆಕ್ಕಿಗರ ಸಂಘ ಎರಡು ಕೆಲಸಗಳನ್ನು ರೂಢಿಯ ಕರ್ತವ್ಯವಾಗಿಸಿತು: ದಾಸ್ತಾನು ಎಣಿಸುವಾಗ ಆಡಿಟರು ಎದುರಿಗಿರಬೇಕು, ಬಾಕಿದಾರರಿಗೆ ಪತ್ರ ಬರೆದು ಬಾಕಿ ಎಷ್ಟೆಂದು ಅವರಿಂದಲೇ ಕೇಳಬೇಕು. ಎಣಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಪಟ್ಟಿಯಿಂದ ಹೊರಟು ಮೂಟೆ ಹುಡುಕಿದರೆ ಇಲ್ಲದ್ದನ್ನು ಬರೆದದ್ದು ಸಿಗುತ್ತದೆ. ಮೂಟೆಯಿಂದ ಹೊರಟು ಪಟ್ಟಿ ನೋಡಿದರೆ ಬರೆಯದೆ ಬಿಟ್ಟದ್ದು ಸಿಗುತ್ತದೆ. ಪತ್ರವನ್ನು ಆಡಿಟರೇ ಅಂಚೆಗೆ ಹಾಕಬೇಕು, ಉತ್ತರ ನೇರ ಅವರಿಗೇ ಬರಬೇಕು. ಇಷ್ಟಕ್ಕೂ ಸ್ಮಿತ್ ಕಂಪನಿಯ ವಿಳಾಸದಲ್ಲಿ ಕುಳಿತಿದ್ದವನು ಕಾಸ್ಟರನ ತಮ್ಮನೇ! ಅಲ್ಲಿಗೆ ಪತ್ರ ಹೋಗಿದ್ದರೆ ‘ಹೌದು, ಬಾಕಿ ಸರಿ’ ಎಂಬ ಉತ್ತರವೇ ಬರುತ್ತಿತ್ತೇನೋ. ಆದುದರಿಂದ ವಿಳಾಸದಲ್ಲಿ ಇರುವವರು ಯಾರೆಂಬುದನ್ನೂ ಕಂಪನಿಯ ಕಡತ ಬಿಟ್ಟು ಬೇರೆ ಕಡೆಯಿಂದ ತಿಳಿಯಬೇಕು.

ಇನ್ನೊಂದು ಬಲೆ ಇದಕ್ಕಿಂತ ನಯವಾದದ್ದು. ಕಂಡ ಮೊದಲನೆಯ ಅಂಕಿಗೆ ಮನಸ್ಸು ಹಡಗಿನ ಲಂಗರಿನಂತೆ ಕಚ್ಚಿಕೊಳ್ಳುತ್ತದೆ. 1981ರಲ್ಲಿ ಜಾಯ್ಸ್ ಮತ್ತು ಬಿಡಲ್ ಎಂಬಿಬ್ಬರು ಅಧ್ಯಾಪಕರು ಆಡಿಟರುಗಳನ್ನೇ ಪರೀಕ್ಷಿಸಿದರು. ಸಾವಿರ ಕಂಪನಿಗಳಲ್ಲಿ 10ಕ್ಕಿಂತ ಹೆಚ್ಚು ಕಡೆ ಮೇಲಧಿಕಾರಿಗಳ ದೊಡ್ಡ ಮೋಸ ಇರುವುದೇ ಎಂದು ಕೆಲವರನ್ನು, 200ಕ್ಕಿಂತ ಹೆಚ್ಚು ಕಡೆ ಇರುವುದೇ ಎಂದು ಉಳಿದವರನ್ನು ಕೇಳಿ, ನಿಮ್ಮ ಅಂದಾಜೇನೆಂದರು. ಮೊದಲ ಗುಂಪಿನ ಸರಾಸರಿ ಸುಮಾರು 17, ಎರಡನೆಯದು 43. ಕಸುಬು ಒಂದೇ, ಪ್ರಶ್ನೆಯ ಅಂಕಿ ಮಾತ್ರ ಬೇರೆ.

ಇದಕ್ಕೆ ಜಾಣ ಆಡಿಟರು ಮಾಡುವುದು ಸರಳ. ಕಂಪನಿಯ ಬಾಡಿಗೆ ಆದಾಯ ಪುಸ್ತಕದಲ್ಲಿ ಎಷ್ಟಿದೆಯೆಂದು ಅವರು ಮೊದಲು ನೋಡುವುದಿಲ್ಲ. 20 ಮಳಿಗೆ, ತಿಂಗಳಿಗೆ ತಲಾ 5,000 ರೂಪಾಯಿ, 12 ತಿಂಗಳು. ಎರಡು ಮಳಿಗೆ ಅರ್ಧ ವರ್ಷ ಖಾಲಿ. ಬರಬೇಕಾದದ್ದು 11 ಲಕ್ಷ 40 ಸಾವಿರ. ಇದನ್ನೂ, ಎಷ್ಟು ವ್ಯತ್ಯಾಸ ಬಂದರೆ ವಿವರಣೆ ಕೇಳಬೇಕೆಂಬುದನ್ನೂ ಬರೆದಿಟ್ಟು, ಆಮೇಲೆ ಪುಸ್ತಕ ತೆರೆಯುತ್ತಾರೆ. ಮೊದಲೇ 13 ಲಕ್ಷ ಕಂಡಿದ್ದರೆ, ಅದಕ್ಕೊಂದು ಕಾರಣವನ್ನು ತಾವೇ ಹೊಸೆದುಕೊಡುತ್ತಿದ್ದರು. ಹೋದ ವರ್ಷದ ಕಡತವೂ ಇಂಥದೇ ಲಂಗರು.

ಇದರಿಂದ ಮೋಸವೆಲ್ಲ ಸಿಕ್ಕೀತೆಂದಲ್ಲ. ಪ್ರತಿ ಮೂಟೆಯನ್ನೂ ಬಿಚ್ಚುವುದಕ್ಕೆ ಆಗದು. ಬಿಚ್ಚಿದರೂ ಒಳಗಿರುವ ಬೇರು ಯಾವುದೆಂದು ಲೆಕ್ಕಿಗನಿಗೆ ಹೇಗೆ ತಿಳಿಯಬೇಕು?

ನಮ್ಮ ನೆರೆಯ ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು 2009ರ ಜನವರಿ 7ರಂದು ಪತ್ರ ಬರೆದು, ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲದ್ದೆಂದು ಒಪ್ಪಿಕೊಂಡರು. ಆಮೇಲಿನ ವಿಚಾರಣೆಯಲ್ಲಿ ಹೊರಬಿದ್ದ ಲೋಪಗಳಲ್ಲಿ ಒಂದು: ಬ್ಯಾಂಕುಗಳಿಗೆ ಬರೆಯುವ ದೃಢೀಕರಣ ಪತ್ರಗಳನ್ನು ಆಡಿಟರುಗಳು ತಾವೇ ಅಂಚೆಗೆ ಹಾಕದೆ ಕಂಪನಿಯವರ ಕೈಗೆ ಬಿಟ್ಟಿದ್ದರು.