ಹುಳುವಿನ ಎಂಜಲು, ಗಿಡದ ಕರೆ

ಹುಳು ಮೇಯ್ದ ಮರ ಪಕ್ಕದ ಮರವನ್ನು ಎಚ್ಚರಿಸುತ್ತದೆ ಎಂಬ ವಾದ 1983ರಲ್ಲಿ ಅಮೆರಿಕದಲ್ಲಿ ಎದ್ದಿತು. ಡೇವಿಡ್ ರೋಡ್ಸ್ ವಿಲೋ ಮರಗಳಲ್ಲಿ, ಇಯಾನ್ ಬಾಲ್ಡ್ವಿನ್ ಮತ್ತು ಜ್ಯಾಕ್ ಶುಲ್ಟ್ಸ್ ಪಾಪ್ಲರ್, ಮೇಪಲ್ ಸಸಿಗಳಲ್ಲಿ ಅದರ ಸುಳಿವು ಕಂಡಿದ್ದರು. ಆದರೆ ಹುಳುಗಳಿಗೆ ರೋಗ ತಗಲಿದ್ದರೂ ರೋಡ್ಸ್ ಕಂಡ ಫಲಿತಾಂಶವೇ ಬರುತ್ತಿತ್ತು ಎಂಬ ಆಕ್ಷೇಪ ಎರಡೇ ವರ್ಷದಲ್ಲಿ ಬಂದು, ವಾದ ಮೂಲೆಗೆ ಸರಿಯಿತು.

ಅದಕ್ಕೆ ಮರುಜೀವ ಬಂದದ್ದು ಇನ್ನೊಂದು ಪ್ರಶ್ನೆಯಿಂದ: ಎಲೆಯ ಮರೆಯಲ್ಲಿರುವ ಹುಳುವನ್ನು ಪರಾವಲಂಬಿ ಕಣಜ ಹುಡುಕುವುದು ಹೇಗೆ? ಫ್ಲೋರಿಡಾದ ಗೇನ್ಸ್‌ವಿಲ್‌ನಲ್ಲಿ ಟೆಡ್ ಟರ್ಲಿಂಗ್ಸ್, ಜಿಮ್ ಟಂಲಿನ್ಸನ್ ಮತ್ತು ಜೋ ಲೂಯಿಸ್ ಮೆಕ್ಕೆಜೋಳದ ಸಸಿಗಳ ಮೇಲೆ ಸೈನಿಕ ಹುಳುಗಳನ್ನು ಬಿಟ್ಟು, ಎಲೆಯಿಂದ ಹೊಮ್ಮುವ ಗಾಳಿಯನ್ನು ಹಿಡಿದು ಪರೀಕ್ಷಿಸಿದರು. ಕಡಿದ ಕೂಡಲೇ ಬಂದದ್ದು ಹುಲ್ಲು ಕೊಯ್ದಾಗ ಬರುವ ಹಸಿ ವಾಸನೆ ಮಾತ್ರ. ಕೆಲವು ಗಂಟೆಗಳ ನಂತರ ಇಂಡೋಲ್ ಮತ್ತು ಟರ್ಪೀನ್‌ಗಳು ಧಾರಾಳವಾಗಿ ಹೊರಬಿದ್ದವು. ಹೆಣ್ಣು ಕಣಜಗಳು ಅದರತ್ತ ಹಾರಿದವು. ಬ್ಲೇಡಿನಿಂದ ಗೀರಿದ ಎಲೆ ಅಷ್ಟು ಸೂಸಲಿಲ್ಲ. ಅದೇ ಗೀರಿಗೆ ಹುಳುವಿನ ಎಂಜಲು ಹಚ್ಚಿದರೆ ಸೂಸಿತು. 1990ರ ಈ ಹೋಲಿಕೆಯೇ ನನ್ನ ಮಟ್ಟಿಗೆ ಇಡೀ ಕ್ಷೇತ್ರದ ಅಡಿಗಲ್ಲು: ಗಿಡ ಸ್ಪಂದಿಸಿದ್ದು ಬರಿಯ ಗಾಯಕ್ಕಲ್ಲ, ಗಾಯ ಮಾಡಿದವನಿಗೆ. 1997ರಲ್ಲಿ ಹಾನ್ಸ್ ಆಲ್ಬಾರ್ನ್ ಮತ್ತು ಸಂಗಡಿಗರು ಎಂಜಲಿನಲ್ಲಿದ್ದ ಆ ವಸ್ತುವನ್ನು ಬೇರ್ಪಡಿಸಿ ‘ವೊಲಿಸಿಟಿನ್’ ಎಂದು ಹೆಸರಿಟ್ಟರು.

ಪ್ರಯೋಗಾಲಯದ ಈ ಕರೆ ಬಯಲಿನಲ್ಲಿ ಕೇಳುತ್ತದೆಯೇ? ಆಂಡ್ರೆ ಕೆಸ್ಲರ್ ಮತ್ತು ಬಾಲ್ಡ್ವಿನ್ 2001ರಲ್ಲಿ ಯೂಟಾದ ಕಾಡು ತಂಬಾಕಿಗೆ ಇಂಥ ವಾಸನೆಗಳನ್ನು ಲೇಪಿಸಿ ನೋಡಿದರು. ಗಿಯೊಕೋರಿಸ್ ಎಂಬ ತಿಗಣೆ ಬಂದು ಪತಂಗದ ಮೊಟ್ಟೆಗಳನ್ನು ಹೆಚ್ಚಾಗಿ ತಿಂದಿತು; ಪತಂಗಗಳೂ ಅಲ್ಲಿ ಮೊಟ್ಟೆ ಇಡುವುದನ್ನು ತಗ್ಗಿಸಿದವು.

ನೆರೆಗಿಡದ ವಿಷಯ ಇಷ್ಟು ನಿಚ್ಚಳವಲ್ಲ. ರಿಚರ್ಡ್ ಕಾರ್ಬನ್ ಕ್ಯಾಲಿಫೋರ್ನಿಯಾದಲ್ಲಿ ಸೇಜ್‌ಬ್ರಷ್ ಪೊದೆಗಳನ್ನು ಕತ್ತರಿಸಿದಾಗ ಪಕ್ಕದ ಕಾಡು ತಂಬಾಕಿಗೆ ಮಿಡತೆಯ ಹಾವಳಿ ಕಡಿಮೆಯಾಯಿತು. ನಡುವೆ ಗಾಳಿ ತಡೆದರೆ ಆ ರಕ್ಷಣೆ ಇಲ್ಲ. ಮಣ್ಣಿನ ಸಂಪರ್ಕ ಕಡಿದರೂ ಅದು ಉಳಿಯಿತು. ಆದರೆ ತಂಬಾಕಿಗೆ ಈ ಪರಿಣಾಮ ಮುಟ್ಟಿದ್ದು ಕೆಲವೇ ಸೆಂಟಿಮೀಟರ್‌ವರೆಗೆ. ಸೇಜ್‌ಬ್ರಷ್‌ಗಳ ನಡುವೆ 60 ಸೆಂಟಿಮೀಟರ್‌ವರೆಗೆ. ಕಾಡಿಡೀ ಮಾತಾಡಿಕೊಳ್ಳುತ್ತದೆ ಎನ್ನುವವರು ಈ ಅಳತೆಯನ್ನು ಮರೆಯಬಾರದು.

ಎಚ್ಚರಿಕೆ ಎಂದರೆ ಒಡನೆ ವಿಷ ತಯಾರಿಸುವುದು ಎಂದೂ ಅಲ್ಲ. ಯುರ್ಗೆನ್ ಎಂಗಲ್‌ಬರ್ತ್ ತಂಡ 2004ರಲ್ಲಿ ತೋರಿಸಿದಂತೆ, ನೆರೆಯ ಹಸಿ ವಾಸನೆ ಕುಡಿದ ಮೆಕ್ಕೆಜೋಳ ಸಿದ್ಧವಾಗಿ ಕಾಯುತ್ತದೆ. ಮುಂದೆ ಗಾಯಕ್ಕೆ ಎಂಜಲು ಬಿದ್ದಾಗ ಅದರ ರಕ್ಷಣಾ ಹಾರ್ಮೋನು ಜಾಸ್ಮಾನಿಕ್ ಆಮ್ಲವೂ ಟರ್ಪೀನ್‌ಗಳೂ ಉಳಿದ ಸಸಿಗಳಿಗಿಂತ ಹೆಚ್ಚುತ್ತವೆ.

ಪೈಪೋಟಿಯ ನೆರೆಗೆ ಗಿಡ ಯಾಕೆ ಸಹಾಯ ಮಾಡಬೇಕು? ಕಾರ್ಬನ್‌ರ 2006ರ ಕೆಲಸದಲ್ಲಿ ಒಂದು ಸಮರ್ಪಕ ಉತ್ತರವಿದೆ. ಸೇಜ್‌ಬ್ರಷ್‌ನ ಕೊಂಬೆಗಳ ನಡುವೆ ಒಳನಾಳಗಳ ಸಂಪರ್ಕ ತೀರಾ ಕಡಿಮೆ. ತನ್ನದೇ ಇನ್ನೊಂದು ಕೊಂಬೆಗೆ ಸುದ್ದಿ ಮುಟ್ಟಿಸಲೂ ಅದಕ್ಕೆ ಗಾಳಿಯೇ ಬೇಕು. ಪಕ್ಕದ ಗಿಡ ಅದನ್ನು ಕದ್ದು ಕೇಳುತ್ತಿರಬಹುದು.